ಕೈಬರಹದ ಕರಡು, ಡಿಟಿಪಿ ಅಂಗಡಿಯ ಫೈಲು ಮತ್ತು ಎಐ ಆರೋಪ

ಪ್ರಶ್ನೆ: "ನನ್ನ ವಿದ್ಯಾರ್ಥಿನಿಯ ಪ್ರಾಜೆಕ್ಟ್ ವರದಿಯನ್ನು ಎಐ ಬರೆದಿದೆ ಎಂದು ವಿಭಾಗದಲ್ಲಿ ಆರೋಪ ಬಂದಿದೆ. ಅವಳು ಹಾಳೆಯಲ್ಲಿ, ಸ್ವಲ್ಪ ಮೊಬೈಲಿನಲ್ಲಿ ಬರೆದು ಡಿಟಿಪಿ ಮಾಡಿಸಿದವಳು. ವರ್ಷನ್ ಹಿಸ್ಟರಿ ಇಲ್ಲ. ಅವಳೇ ಬರೆದಳೆಂದು ಸಾಬೀತು ಮಾಡುವುದು ಹೇಗೆ? ಇನ್ನು ಮುಂದೆ ಎಲ್ಲರಿಗೂ ಗೂಗಲ್ ಡಾಕ್ಸ್ ಕಡ್ಡಾಯ ಮಾಡಿಬಿಡಲೇ?"

ನನ್ನ ಮಾರ್ಗದರ್ಶನದಲ್ಲಿದ್ದ ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿನಿಯೊಬ್ಬಳು ತನ್ನ ತಾಲ್ಲೂಕಿನ ವಾರದ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರ ಬಗ್ಗೆ ಕೊನೆಯ ಸೆಮಿಸ್ಟರಿನ ವರದಿ ಬರೆದಿದ್ದಳು. ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ವರದಿ ಮಾತ್ರ ಇಂಗ್ಲಿಷಿನಲ್ಲಿರಬೇಕಿತ್ತು. ಸಂತೆಯಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಗೀಚಿಕೊಂಡು, ಮನೆಯಲ್ಲಿ ಹಳೆಯ ರೆಕಾರ್ಡ್ ಪುಸ್ತಕದ ಉಳಿದ ಹಾಳೆಗಳಲ್ಲಿ ಇಂಗ್ಲಿಷಿಗೆ ತಂದು, ಪುಟಗಳ ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಡಿಟಿಪಿ ಅಂಗಡಿಗೆ ಕಳುಹಿಸುತ್ತಿದ್ದಳು. ಪೀಠಿಕೆಯ ಕೆಲವು ಭಾಗಗಳನ್ನು ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲೇ ಬರೆದು, ವಾಟ್ಸ್ಆ್ಯಪ್‌ನಲ್ಲಿ ತನಗೆ ತಾನೇ ಕಳುಹಿಸಿಕೊಂಡಿದ್ದಳು.

ಮೌಲ್ಯಮಾಪಕರೊಬ್ಬರು ಎರಡು ಆಕ್ಷೇಪಗಳನ್ನು ಎತ್ತಿದರು. ಪತ್ತೆ ಸಾಫ್ಟ್‌ವೇರ್ ಪೀಠಿಕೆಯ ಬಹುಪಾಲನ್ನು ಎಐ ಬರಹವೆಂದು ತೋರಿಸಿತ್ತು ಎಂಬುದು ಒಂದು. ವರ್ಡ್ ಫೈಲಿನಲ್ಲಿ ಲೇಖಕರ ಹೆಸರಿನ ಜಾಗದಲ್ಲಿ ಬೇರೊಂದು ಹೆಸರಿತ್ತು ಮತ್ತು ಒಟ್ಟು ತಿದ್ದುಪಡಿಯ ಸಮಯ ಕೆಲವೇ ನಿಮಿಷಗಳಿತ್ತು ಎಂಬುದು ಇನ್ನೊಂದು. ಕೇಳಿದವರಿಗೆಲ್ಲ ಎರಡನೆಯದೇ ಪ್ರಬಲವಾಗಿ ಕಂಡಿತು, ಆದರೆ ಅದರಷ್ಟು ಟೊಳ್ಳಾದ ಸಾಕ್ಷ್ಯ ಬೇರೆ ಇರಲಿಲ್ಲ. ವರ್ಡ್‌ನಲ್ಲಿ `Info` ಪುಟದಲ್ಲಿ ಕಾಣುವ `Total Editing Time` ಎಂಬುದು ಆ ಒಂದು ಫೈಲು ತೆರೆದಿದ್ದ ಸಮಯವೇ ಹೊರತು ಬರವಣಿಗೆಗೆ ಹಿಡಿದ ಸಮಯವಲ್ಲ. ಅಂಗಡಿಯಲ್ಲಿ ಇಬ್ಬರು ಎರಡು ಕಂಪ್ಯೂಟರುಗಳಲ್ಲಿ ಅಧ್ಯಾಯಗಳನ್ನು ಹಂಚಿಕೊಂಡು ಟೈಪ್ ಮಾಡಿ, ಕೊನೆಗೆ ಹೊಸ ಫೈಲೊಂದಕ್ಕೆ ಎಲ್ಲವನ್ನೂ ಪೇಸ್ಟ್ ಮಾಡಿದ್ದರು. ಆ ಹೊಸ ಫೈಲಿಗೆ ಸಹಜವಾಗಿಯೇ ಕೆಲವು ನಿಮಿಷಗಳ ಆಯುಷ್ಯ. ಲೇಖಕರ ಜಾಗದಲ್ಲಿದ್ದದ್ದು ಆ ಕಂಪ್ಯೂಟರಿಗೆ ಅಂಗಡಿಯವರು ಕೊಟ್ಟುಕೊಂಡಿದ್ದ ಹೆಸರು. ಡಿಟಿಪಿಗೆ ಹೋದ ಯಾವ ವರದಿಯನ್ನು ತೆರೆದು ನೋಡಿದರೂ ಇಂಥದ್ದೇ ಸಿಗುತ್ತದೆ.

ಇಷ್ಟು ಗೊತ್ತಿದ್ದೂ ನಾನು ಮಾಡಿದ ಕೆಲಸವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಸಹಾಯ ಮಾಡಲು ಹೊರಡುವ ಹೆಚ್ಚಿನ ಮೇಷ್ಟ್ರುಗಳು ಅದನ್ನೇ ಮಾಡುತ್ತಾರೆ. ಅವಳ ಕರಡು ಹಾಳೆಗಳು ನೋಡಲು ಅಸಹ್ಯವಾಗಿದ್ದವು: ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಅಂಚಿನಲ್ಲಿ ಮನೆಯ ದಿನಸಿ ಲೆಕ್ಕ, ಒಂದು ಪುಟದ ಮೇಲೆ ಚಹಾದ ಕಲೆ. ಸಮಿತಿಯ ಮುಂದೆ ಇದನ್ನು ಇಡುವುದು ಹೇಗೆಂದು ನನಗೆ ಸಂಕೋಚವಾಯಿತು. "ಒಂದು ಸಲ ನೀಟಾಗಿ ಬರೆದುಬಿಡಮ್ಮ, ಪ್ರತಿ ಅಧ್ಯಾಯದ ಮೇಲೆ ಯಾವಾಗ ಬರೆದೆ ಎಂದು ತಾರೀಖು ಹಾಕು" ಎಂದೆ. ಮೋಸ ಮಾಡುವ ಉದ್ದೇಶ ನಮ್ಮಿಬ್ಬರಿಗೂ ಇರಲಿಲ್ಲ. ಪರೀಕ್ಷೆಯ ರೆಕಾರ್ಡನ್ನು ಫೇರ್ ಮಾಡಿಸುವ ಅಭ್ಯಾಸವೇ ನನ್ನ ಬಾಯಲ್ಲಿ ಆ ಮಾತನ್ನಾಡಿಸಿತ್ತು. ಅವಳು ಎರಡು ರಾತ್ರಿ ಕುಳಿತು ಬರೆದು ತಂದಳು, ನಾನು ಅದನ್ನು ಸ್ಪೈರಲ್ ಬೈಂಡ್ ಮಾಡಿಸಿ ಒಪ್ಪಿಸಿದೆ.

ಸಮಿತಿಯಲ್ಲಿದ್ದ ಹಿರಿಯ ಅಧ್ಯಾಪಕಿಯೊಬ್ಬರು ಪುಟ ತಿರುವಿ ಕೇಳಿದ್ದು ಒಂದೇ ಪ್ರಶ್ನೆ. ಮೂರನೆಯ ಅಧ್ಯಾಯದಲ್ಲಿ ಸಂತೆಯ ಸುಂಕದ ಬಗ್ಗೆ ಒಂದು ತಪ್ಪಿತ್ತು. ಟೈಪಾದ ಪ್ರೂಫ್ ನೋಡುವಾಗ ನಾನು ಅದನ್ನು ತಿದ್ದಿಸಿದ್ದೆ. ಅದಕ್ಕಿಂತ ಬಹಳ ಹಿಂದಿನ ತಾರೀಖು ಹೊತ್ತ ಈ "ಕರಡಿನಲ್ಲಿ" ತಿದ್ದಿದ ರೂಪವೇ ಇದೆಯಲ್ಲ, ಅದು ಹೇಗೆ ಎಂದರು. ಅವಳು ಮುದ್ರಿತ ವರದಿಯನ್ನು ಮುಂದಿಟ್ಟುಕೊಂಡು ನಕಲಿಸಿದ್ದಳು. ಆದಿಯಿಂದ ಅಂತ್ಯದವರೆಗೆ ಒಂದೇ ಪೆನ್ನು, ಒಂದೇ ಒತ್ತು, ಒಂದು ಹೊಡೆದುಹಾಕಿದ ಸಾಲೂ ಇಲ್ಲ. ಅಲ್ಲಿಯವರೆಗೆ ಸಾಫ್ಟ್‌ವೇರಿನ ಅನುಮಾನವಾಗಿದ್ದದ್ದು ಆ ಕ್ಷಣದಿಂದ ಸುಳ್ಳು ದಾಖಲೆಯ ಪ್ರಶ್ನೆಯಾಯಿತು. ತಾರೀಖು ಹಾಕಿಸಿದವನು ನಾನೇ ಎಂದು ಲಿಖಿತವಾಗಿ ಒಪ್ಪಿಕೊಂಡೆ. ಆದರೂ ವಿಚಾರಣೆ ಮುಂದಕ್ಕೆ ಹೋಯಿತು, ಫಲಿತಾಂಶ ತಡೆಹಿಡಿಯಲ್ಪಟ್ಟಿತು, ಆ ವರ್ಷ ಅವಳು ಬಿ.ಎಡ್. ಪ್ರವೇಶಕ್ಕೆ ಅರ್ಜಿ ಹಾಕಲಾಗಲಿಲ್ಲ. ಆದ್ದರಿಂದ ನಿಮ್ಮ ವಿದ್ಯಾರ್ಥಿನಿಯ ಹಾಳೆಗಳನ್ನು ಇದ್ದ ಹಾಗೆಯೇ ಇಡಿ. ಹರಿದದ್ದನ್ನು ಅಂಟಿಸಬೇಡಿ, ತಾರೀಖು ಇಲ್ಲದಿದ್ದರೆ ಸೇರಿಸಬೇಡಿ, ಕ್ರಮ ತಿಳಿಸಬೇಕಿದ್ದರೆ ಪ್ರತ್ಯೇಕ ಚೀಟಿಯಲ್ಲಿ ಇಂದಿನ ತಾರೀಖಿನೊಂದಿಗೆ ಬರೆಯಿರಿ. ಸಮಿತಿಗೆ ಜೆರಾಕ್ಸ್ ಕೊಟ್ಟು, ಮೂಲವನ್ನು ವಿಚಾರಣೆಯ ದಿನ ಕೈಯಲ್ಲಿ ಹಿಡಿದು ತೋರಿಸಿ.

ಕೊನೆಗೆ ನಮ್ಮನ್ನು ಉಳಿಸಿದ್ದು ಆ ಚಹಾ ಕಲೆಯ ಹಾಳೆಗಳೇ. ಸುಂಕದ ಪ್ಯಾರಾವನ್ನೇ ಹಿಡಿದು ನಾವು ನಾಲ್ಕು ಹಂತಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಮೊದಲನೆಯದು ಸಂತೆಯಲ್ಲಿ ಬರೆದುಕೊಂಡ ಟಿಪ್ಪಣಿ, ಅದರಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬರ ಮಾತು ಹಾಗೆಯೇ ಇತ್ತು: "ಬುಟ್ಟಿಗೂ ಅಷ್ಟೇ, ಗಾಡಿಗೂ ಅಷ್ಟೇ ಅಂತಾನೆ." ಎರಡನೆಯದು ರೆಕಾರ್ಡ್ ಪುಸ್ತಕದ ಇಂಗ್ಲಿಷ್. ಅಲ್ಲಿ ಅವಳು ಸುಂಕವನ್ನು ಪಂಚಾಯಿತಿಯೇ ನೇರವಾಗಿ ವಸೂಲಿ ಮಾಡುತ್ತದೆಂದು ಬರೆದು, ಕ್ರಿಯಾಪದವನ್ನು ಎರಡು ಸಲ ಹೊಡೆದುಹಾಕಿದ್ದಳು. ಮೂರನೆಯದು ಅಂಗಡಿಯ ಮೊದಲ ಪ್ರೂಫ್. ಹರಾಜಿನಲ್ಲಿ ಹಿಡಿದ ಗುತ್ತಿಗೆದಾರ ವಸೂಲಿ ಮಾಡುವುದಲ್ಲವೇ, ವಿಚಾರಿಸು ಎಂದು ನಾನು ಕೆಂಪು ಪೆನ್ನಿನಲ್ಲಿ ಬರೆದದ್ದು ಅದರಲ್ಲಿತ್ತು. ನಾಲ್ಕನೆಯದು ಅಂತಿಮ ಪುಟ. ಡಿಟಿಪಿ ಮಾಡಿಸುವವರ ವರ್ಷನ್ ಹಿಸ್ಟರಿ ಇರುವುದು ಈ ಪ್ರೂಫ್ ಹಾಳೆಗಳಲ್ಲಿ, ಆದರೆ ವರದಿ ಬಂದ ಕೂಡಲೇ ಅವನ್ನು ರದ್ದಿಗೆ ಹಾಕುವವರೇ ಹೆಚ್ಚು.

ಕೈಬರಹವಿದೆ ಎಂಬುದೊಂದೇ ಏನನ್ನೂ ಸಾಬೀತು ಮಾಡುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಪರದೆ ನೋಡಿ ಹಾಳೆಗೆ ಇಳಿಸಿಕೊಳ್ಳುವುದು ಯಾರಿಗೂ ಕಷ್ಟವಲ್ಲ. ನಂಬಿಕೆ ಹುಟ್ಟಿಸುವುದು ಅಭಿಪ್ರಾಯ ಬದಲಾದ ಗುರುತು: ತಪ್ಪು ತಿಳಿವಳಿಕೆ, ಅದನ್ನು ಬಿಟ್ಟ ಜಾಗ, ಆಮೇಲೆ ಸರಿಯಾದ ರೂಪ. ನಿಮ್ಮ ವಿದ್ಯಾರ್ಥಿನಿಯ ವರದಿಯಲ್ಲಿ ಅಂಥ ಎರಡು ಪ್ಯಾರಾ ಸಿಕ್ಕರೆ ಸಾಕು, ಐವತ್ತು ಪುಟ ಜೆರಾಕ್ಸಿನ ಅಗತ್ಯವಿಲ್ಲ.

ಮೊಬೈಲಿನ ವಿಷಯದಲ್ಲಿ ಮುಖ್ಯ ಎಚ್ಚರಿಕೆ ಒಂದೇ. ಹಾಳೆಗಳ ಫೋಟೊ ತೆಗೆದ ದಿನ ಮತ್ತು ಗಂಟೆ ಗ್ಯಾಲರಿಯ ಮೂಲ ಚಿತ್ರದ ವಿವರಗಳಲ್ಲಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಪ್ರತಿಯಲ್ಲಿ ಆ ವಿವರ ಉಳಿಯುವುದಿಲ್ಲ, `Document` ಆಗಿ ಕಳುಹಿಸಿದರೆ ಉಳಿಯುತ್ತದೆ. ಆದರೆ ಅಂಗಡಿಯವರೊಂದಿಗಿನ ಚಾಟ್‌ನಲ್ಲಿ ಸಂದೇಶ ಹೋದ ಸಮಯ ದಾಖಲಾಗಿರುತ್ತದೆ, ಮತ್ತು ಆ ದಾಖಲೆ ಇನ್ನೊಬ್ಬರ ಫೋನಿನಲ್ಲಿಯೂ ಇರುತ್ತದೆ ಎಂಬುದೇ ಅದರ ಬಲ. ಮೆಮೊರಿ ಖಾಲಿ ಮಾಡುವುದು, ಫೋನ್ ಬದಲಿಸುವುದು, ತಾನಾಗಿ ಅಳಿಸಿಹೋಗುವ ಸಂದೇಶಗಳ ಸೆಟ್ಟಿಂಗ್, ಇವೆಲ್ಲ ವಿಚಾರಣೆ ಮುಗಿಯುವವರೆಗೆ ನಿಲ್ಲಲಿ. ಸ್ಕ್ರೀನ್‌ಶಾಟ್ ಜೊತೆಗೆ ಫೋನನ್ನೂ ಒಯ್ಯಿರಿ, ಆದರೆ ಅದು ಅವಳ ಕೈಯಲ್ಲೇ ಇರಲಿ. ಸಂಬಂಧಪಟ್ಟ ಚಾಟ್ ಒಂದನ್ನೇ ಅವಳು ತೆರೆದು ತೋರಿಸಲಿ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೇ ನನ್ನ ತಕರಾರು. "ಅವಳೇ ಬರೆದಳೆಂದು ಸಾಬೀತು ಮಾಡುವುದು ಹೇಗೆ" ಎಂಬಲ್ಲಿಂದ ಹೊರಡಬೇಡಿ. ಮೊದಲು ಆರೋಪವನ್ನು ಲಿಖಿತವಾಗಿ ಕೇಳಿ: ಯಾವ ಪುಟಗಳು, ಯಾವ ಸಾಧನ, ಯಾವ ನಿಯಮ ಮುರಿದಿದೆ. ಪರ್ಸೆಂಟೇಜಿನ ಸ್ಕ್ರೀನ್‌ಶಾಟ್ ಸಾಲದು, ಪೂರ್ಣ ವರದಿ ಬೇಕು. ಟರ್ನಿಟಿನ್ ಕಂಪನಿಯೇ ತನ್ನ ಎಐ ವರದಿಯೊಂದನ್ನೇ ಆಧಾರವಾಗಿಟ್ಟುಕೊಂಡು ವಿದ್ಯಾರ್ಥಿಯ ಮೇಲೆ ಕ್ರಮ ಕೈಗೊಳ್ಳಬಾರದೆಂದು ಹೇಳುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟಾಗ, ಸರಾಸರಿ 61%ಕ್ಕೂ ಹೆಚ್ಚು ಪ್ರಬಂಧಗಳು ಎಐ ಬರಹವೆಂಬ ತಪ್ಪು ತೀರ್ಪು ಪಡೆದವು. ಅಂದಿನಿಂದ ಸಾಧನಗಳು ಬದಲಾಗಿವೆ ನಿಜ, ಆದರೆ ಗೈಡ್ ಪುಸ್ತಕದ ಸರಳ ಇಂಗ್ಲಿಷಿನಲ್ಲಿ, ಒಂದೇ ಅಚ್ಚಿನ ವಾಕ್ಯಗಳಲ್ಲಿ ಬರೆಯುವ ನಮ್ಮ ಮಕ್ಕಳ ಬಗ್ಗೆ ಸಮಿತಿ ಇದನ್ನು ತಿಳಿದಿರಬೇಕು.

ನಮ್ಮಲ್ಲಿ ಯುಜಿಸಿಯ 2018ರ ಕೃತಿಚೌರ್ಯ ನಿಯಮಾವಳಿಯ ಹೆಸರೂ ಕೇಳಿಬಂತು. ಅದರ 10, 40, 60 ಶೇಕಡಾ ಹಂತಗಳು ಬೇರೆ ಬರಹಗಳೊಂದಿಗಿನ ಹೋಲಿಕೆಗೆ ಸಂಬಂಧಿಸಿದವು. ಎಐ ಶೇಕಡಾವಾರನ್ನು ಅವುಗಳಲ್ಲಿ ಕೂರಿಸಲು ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ನಿಯಮಾವಳಿಯ ವ್ಯಾಖ್ಯೆಯು ಥೀಸಿಸ್ ಮತ್ತು ಡಿಸರ್ಟೇಶನ್‌ಗಳನ್ನು ಒಳಗೊಂಡರೂ ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆಗಳನ್ನು ಹೊರಗಿಡುತ್ತದೆ. ನಮ್ಮ ಪಠ್ಯಕ್ರಮದಲ್ಲಿ ಆ ಪತ್ರಿಕೆಯ ಹೆಸರು "ಪ್ರಾಜೆಕ್ಟ್ ವರದಿ" ಎಂದೇ ಇದ್ದದ್ದರಿಂದ ಆ ವಾದ ಬಿದ್ದುಹೋಯಿತು. ನಿಮ್ಮದೂ ಪ್ರಾಜೆಕ್ಟ್ ವರದಿ ಎನ್ನುತ್ತೀರಿ. ಪಠ್ಯಕ್ರಮದ ಆ ಪುಟವನ್ನು ಇಂದೇ ತೆಗೆದಿಟ್ಟುಕೊಳ್ಳಿ. ಹೊರಗಿಟ್ಟ ಮಾತ್ರಕ್ಕೆ ಕಾಲೇಜು ಏನೂ ಮಾಡುವಂತಿಲ್ಲ ಎಂದಲ್ಲ, ತನ್ನದೇ ನಿಯಮವನ್ನು ತೋರಿಸಿ ವಿಚಾರಿಸಬೇಕಾಗುತ್ತದೆ.

ಇದಕ್ಕೆಲ್ಲ ಮೊದಲು ಅವಳನ್ನು ಒಬ್ಬಳೇ ಕೂರಿಸಿಕೊಂಡು, ಗದರಿಸದೆ, ಅನುವಾದದ ಆ್ಯಪ್, ವ್ಯಾಕರಣ ತಿದ್ದುವ ಆ್ಯಪ್, ಚಾಟ್‌ಬಾಟ್, ಯಾವುದನ್ನು ಎಲ್ಲಿ ಬಳಸಿದಳೆಂದು ಕೇಳಿ. ನನ್ನ ವಿದ್ಯಾರ್ಥಿನಿ ಪೀಠಿಕೆಯ ಕೆಲವು ಕನ್ನಡ ವಾಕ್ಯಗಳನ್ನು ಅನುವಾದ ಆ್ಯಪ್‌ಗೆ ಹಾಕಿದ್ದಳು. ಅದನ್ನು ನಾವಾಗಿಯೇ ಹೇಳಿದೆವು, ಮೂಲ ಕನ್ನಡ ಅವಳು ತನಗೆ ತಾನೇ ಕಳುಹಿಸಿಕೊಂಡ ಸಂದೇಶಗಳಲ್ಲೇ ಇತ್ತು. ಸಮಿತಿ ಅವಳನ್ನು ವರದಿಯ ಮೇಲೆ ಮೌಖಿಕವಾಗಿ ಪ್ರಶ್ನಿಸಿ ಆರೋಪವನ್ನು ಕೈಬಿಟ್ಟಿತು. ನಿಮ್ಮ ವಿದ್ಯಾರ್ಥಿನಿ ಚಾಟ್‌ಬಾಟ್‌ನಿಂದಲೇ ಬರೆಸಿದ್ದು ಹೌದು ಎಂದರೆ ನೀವು ಬೇರೆ ರೀತಿಯ ಸಹಾಯ ಮಾಡಬೇಕಾಗುತ್ತದೆ, ಆ ವರದಿಗೆ ಈ ಉತ್ತರ ಅನ್ವಯಿಸುವುದಿಲ್ಲ.

ಗೂಗಲ್ ಡಾಕ್ಸ್ ಕಡ್ಡಾಯ ಮಾಡಬೇಡಿ. ಅಣ್ಣ ತಂಗಿ ಹಂಚಿಕೊಳ್ಳುವ ಒಂದೇ ಫೋನು, ಮುಗಿದುಹೋಗುವ ಡೇಟಾ, ಹಾಳೆಯ ಮೇಲಷ್ಟೇ ಓಡುವ ಆಲೋಚನೆ, ಇವು ಯಾವುವೂ ಅಪರಾಧವಲ್ಲ. ಡಾಕ್ಸ್‌ಗೆ ಬೇರೆಡೆಯ ಬರಹವನ್ನು ನೋಡಿಕೊಂಡು ಟೈಪ್ ಮಾಡಿದರೂ ಹಿಸ್ಟರಿ ಚೆನ್ನಾಗಿಯೇ ಕಾಣುತ್ತದೆ. ನಾನೀಗ ಪ್ರತಿ ಅಧ್ಯಾಯದ ಕೈಬರಹದ ಕರಡು ಟೈಪಿಗೆ ಹೋಗುವ ಮುನ್ನ ಅದರ ಅಂಚಿನಲ್ಲಿ ಒಂದು ಪ್ರಶ್ನೆ ಬರೆದು, ಸಹಿ ಮತ್ತು ಅಂದಿನ ತಾರೀಖು ಹಾಕಿ ಕೊಡುತ್ತೇನೆ. ಪುಟಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.

ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸವೆಂದರೆ ಅವಳೊಂದಿಗೆ ಡಿಟಿಪಿ ಅಂಗಡಿಗೆ ಹೋಗುವುದು. ಅಧ್ಯಾಯಗಳ ಬಿಡಿ ಫೈಲುಗಳನ್ನು ತೆರೆಯದೆ, ತಿದ್ದದೆ ಪೆನ್‌ಡ್ರೈವ್‌ಗೆ ಹಾಗೆಯೇ ಕಾಪಿ ಮಾಡಿಸಿ, ಕೈಬರಹ ನೋಡಿ ಟೈಪ್ ಮಾಡಿದ್ದೇವೆಂದು ಒಂದು ಪತ್ರ ಬರೆಸಿಕೊಳ್ಳಿ, ಬಿಲ್ಲಿನ ಪ್ರತಿ ಕೇಳಿ. ಸೆಮಿಸ್ಟರ್ ಮುಗಿಯುತ್ತಿದ್ದಂತೆ ಅಂಗಡಿಯವರು ಜಾಗ ಮಾಡಿಕೊಳ್ಳಲು ಹಳೆಯ ಫೋಲ್ಡರುಗಳನ್ನು ಅಳಿಸಿಬಿಡುತ್ತಾರೆ.