ವಿದೇಶಿ ಪದವಿ ಮತ್ತು ಮರಳಿ ಬಂದ ಕಾರಣ: ಪತ್ರದಲ್ಲಿ ಬರೆಯುವ ಬಗೆ

"ಬ್ರಿಟನ್ನಿನಲ್ಲಿ ಒಂದು ವರ್ಷದ ಎಂ.ಎಸ್ಸಿ. ಮುಗಿಸಿ ಊರಿಗೆ ಮರಳಿದ್ದೇನೆ, 68 ಅಂಕ ಬಂದಿದೆ. ಕೆಲಸದ ಅರ್ಜಿಯ ಪತ್ರದಲ್ಲಿ ಪದವಿಯನ್ನೂ ಮರಳಿದ ಕಾರಣವನ್ನೂ ಹೇಗೆ ಬರೆಯಲಿ?"

ಮೊದಲು ಅಂಕದ ವಿಷಯ. ಅಲ್ಲಿನ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ 50ಕ್ಕೆ ಉತ್ತೀರ್ಣ, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. ಇದನ್ನು ಅರಿಯದವರ ಕಣ್ಣಿಗೆ ಬರಿಯ 68 ಸಾಧಾರಣವಾಗಿ ಕಾಣುವುದರಿಂದ, ಪ್ರಮಾಣಪತ್ರದಲ್ಲಿರುವ ದರ್ಜೆಯನ್ನೇ ಮುಂದಿಟ್ಟು, ಅಂಕವನ್ನು ಅದರ ಜೊತೆಗೆ ಬರೆಯಿರಿ. "ಒಂದೇ ವರ್ಷವೇ?" ಎಂಬ ಅನುಮಾನಕ್ಕೂ ಅಲ್ಲೇ ಉತ್ತರವಿರಲಿ, ಅಲ್ಲಿನ ಪೂರ್ಣ ಎಂ.ಎಸ್ಸಿ. 180 ಕ್ರೆಡಿಟ್‌ಗಳದ್ದು, ಅದರಲ್ಲಿ ಪ್ರಬಂಧಕ್ಕೇ ಹೆಚ್ಚಾಗಿ 60 ಇರುತ್ತದೆ. ಉದಾಹರಣೆಗೆ:

"ಹನ್ನೆರಡು ತಿಂಗಳ, 180 ಕ್ರೆಡಿಟ್‌ಗಳ ಎಂ.ಎಸ್ಸಿ.ಯನ್ನು ಮೆರಿಟ್ ದರ್ಜೆಯಲ್ಲಿ (68) ಮುಗಿಸಿದ್ದೇನೆ. ನಗರದ ನೀರು ಸೋರಿಕೆಯನ್ನು ಅಳೆಯುವ ವಿಧಾನಗಳ ಕುರಿತ ನನ್ನ ಪ್ರಬಂಧವು ನಿಮ್ಮ ಸಂಸ್ಥೆಯ ಕೆಲಸಕ್ಕೆ ನೇರವಾಗಿ ಹೊಂದುತ್ತದೆ."

ಮರಳಿದ ಕಾರಣಕ್ಕೆ ಒಂದು ವಾಕ್ಯ ಸಾಕು, ಅದು ನಿಜವಾಗಿರಬೇಕು. ನನ್ನ ಮೊದಲ ಪತ್ರದಲ್ಲಿ ವೀಸಾ, ಬಾಡಿಗೆ, ಅಲ್ಲಿನ ಉದ್ಯೋಗ ಮಾರುಕಟ್ಟೆ ಎಂದು ಅರ್ಧ ಪುಟ ತುಂಬಿಸಿದ್ದೆ. ಸಂದರ್ಶನದ ಹೊತ್ತೆಲ್ಲ ಅದರ ವಿವರಣೆಯಲ್ಲೇ ಕಳೆಯಿತು. ಓದುವವರ ನಿಜವಾದ ಆತಂಕ, ನೀವು ಆರು ತಿಂಗಳಲ್ಲಿ ಮತ್ತೆ ಹೊರಡುವಿರೋ ಎಂಬುದು. ಆದ್ದರಿಂದ "ಕುಟುಂಬದ ಜೊತೆ ಇಲ್ಲಿಯೇ ನೆಲೆಸಲು ಜೂನ್‌ನಲ್ಲಿ ಮರಳಿದ್ದೇನೆ, ಕೂಡಲೇ ಕೆಲಸಕ್ಕೆ ಸೇರಬಲ್ಲೆ" ಎಂಬಷ್ಟು ಸಾಕು. ವೀಸಾ ಮುಗಿದದ್ದೇ ಕಾರಣವಾಗಿದ್ದರೆ ಪತ್ರದಲ್ಲಿ ಬೇಡ, ಆದರೆ ಕೇಳಿದಾಗ ಮುಚ್ಚಿಡಬೇಡಿ.