ಫೋಟೋ ನೋಡಿ ಪೈಪಿನ ಬ್ರ್ಯಾಂಡ್, ಪ್ರೆಶರ್ ಕ್ಲಾಸ್ ಕಂಡುಹಿಡಿಯೋದು ಹೇಗೆ?

ಪ್ರಶ್ನೆ: ಪಂಪ್ ಲೈನಿನ ಒಂದು ಫೋಟೋ ಇದೆ, ಎಲ್ಬೋ ಮೇಲೆ ಕಂಪನಿ ಗುರುತು, ಪಕ್ಕದಲ್ಲಿ ಏನೋ ನಂಬರ್ ಕಾಣುತ್ತೆ. ಬ್ರ್ಯಾಂಡ್ ಗೊತ್ತಾದ್ರೆ ಪೈಪ್ ಎಷ್ಟು ಪ್ರೆಶರ್ ತಡೆಯುತ್ತೆ ಅಂತ ಗೊತ್ತಾಗುತ್ತಲ್ವಾ?

ಗೊತ್ತಾಗಲ್ಲ. ನಾನೂ ಹೀಗೇ ಅಂದ್ಕೊಂಡಿದ್ದೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳ್ತಿದೀನಿ.

ಒಂದು ಕಟ್ಟಡದಲ್ಲಿ ಹಳೆ ಪಂಪ್ ತೆಗೆದು ದೊಡ್ಡದು ಹಾಕೋದಿತ್ತು. ಹೊಸ ಪಂಪ್ ವಾಲ್ವ್ ಮುಚ್ಚಿದಾಗ ಸುಮಾರು 11 ಬಾರ್ ಕೊಡುತ್ತೆ, ಹಳೆ ಲೈನ್ ಅದನ್ನ ತಡೆಯುತ್ತಾ ಅಂತ ನಾನು ಹೇಳ್ಬೇಕಿತ್ತು. ಅಲ್ಲಿದ್ದ ಹುಡುಗ ಮೊಬೈಲಲ್ಲಿ ನಾಲ್ಕು ಫೋಟೋ ತೆಗೆದು ಕಳಿಸಿದ, ಒಂದರಲ್ಲಿ ಬೂದು ಬಣ್ಣದ ಪಿವಿಸಿ ಎಲ್ಬೋ ಚೆನ್ನಾಗಿ ಕಾಣ್ತಿತ್ತು. ಅದರ ಮೇಲೆ ಉಬ್ಬಿದ ಅಕ್ಷರದಲ್ಲಿ ಕಂಪನಿ ಗುರುತು, 50, 90, ಸ್ವಲ್ಪ ಕೆಳಗೆ 16. ನಾನು ಓದಿದ್ದು ಹೀಗೆ: 50 ಮಿಲಿಮೀಟರ್, 90 ಡಿಗ್ರಿ, ಪಿಎನ್ 16, ಅಂದ್ರೆ 16 ಬಾರ್ ತಡೆಯೋ ಪ್ರೆಶರ್ ಕ್ಲಾಸ್. ಕಂಪನಿ ಕ್ಯಾಟಲಾಗ್ ತೆಗೆದು ನೋಡಿದೆ, 50ರ ಎಲ್ಬೋ ಪಿಎನ್ 16ರಲ್ಲಿ ಬರುತ್ತೆ ಅಂತ ಇತ್ತು. ತಾಳೆ ಆಯ್ತಲ್ಲ, ಲೈನ್ 16 ಬಾರ್‌ದು, ಧಾರಾಳವಾಗಿ ಹಾಕಿ ಅಂತ ಹೇಳ್ಬಿಟ್ಟೆ.

ಮೊದಲೆರಡು ನಂಬರ್ ಸರಿಯಾಗೇ ಓದಿದ್ದೆ, ತಪ್ಪಿದ್ದು ಆ 16. ಅದು ಪ್ರೆಶರ್ ಅಲ್ಲ, ಇಸವಿ. ಫಿಟ್ಟಿಂಗ್ ಅಚ್ಚಿನೊಳಗೆ ತಾರೀಖಿಗೆ ಅಂತ ಒಂದು ಸಣ್ಣ ದುಂಡನೆ ಬಿಲ್ಲೆ ಕೂರಿಸಿರ್ತಾರೆ, ಗಡಿಯಾರದ ಮುಖದ ಹಾಗೆ ಸುತ್ತ 1ರಿಂದ 12, ನಡುವೆ ಒಂದು ಬಾಣ, ಬಾಣದ ಎರಡು ಪಕ್ಕ ಇಸವಿಯ ಕೊನೆ ಎರಡು ಅಂಕಿ. ಬಾಣ ಯಾವ ನಂಬರ್ ಕಡೆ ತಿರುಗಿದೆಯೋ ಆ ತಿಂಗಳು. ನನ್ನ ಎಲ್ಬೋದಲ್ಲಿ ಬಾಣ 7ರ ಕಡೆ ಇತ್ತು, ಅಂದ್ರೆ 2016ರ ಜುಲೈನಲ್ಲಿ ಅಚ್ಚು ಹಾಕಿದ ಮಾಲು. ಆದ್ರೆ ಫ್ಲಾಶ್ ಹಾಕಿ ಎದುರಿನಿಂದ ತೆಗೆದ ಫೋಟೋ, ಉಬ್ಬು ಅಕ್ಷರಕ್ಕೆ ನೆರಳೇ ಬಿದ್ದಿರಲಿಲ್ಲ. ಸುತ್ತಲಿನ ಸಣ್ಣ ಅಂಕಿಗಳು ಬೆಳಕಿಗೆ ಅಳಿಸಿಹೋಗಿ, ನಡುವಿನ ದಪ್ಪ 1 ಮತ್ತು 6 ಮಾತ್ರ ಉಳಿದಿದ್ವು, ಬಾಣ ಏನೋ ಗೀರು ಅನ್ನೋ ಹಾಗೆ ಕಾಣ್ತಿತ್ತು. ಈಗ ಅದೇ ಫೋಟೋ ಹಿಗ್ಗಿಸಿ ನೋಡಿದ್ರೆ ದುಂಡನೆ ಅಂಚು ಮಸುಕಾಗಿ ಕಾಣುತ್ತೆ, 1ಕ್ಕೂ 6ಕ್ಕೂ ನಡುವೆ ಜಾಗ ಜಾಸ್ತಿ ಇರೋದೂ ಕಾಣುತ್ತೆ. ಅವತ್ತು 16 ಸಿಕ್ಕಿದ್ದೇ ಸಾಕಾಯ್ತು ನನಗೆ. ಪ್ರೆಶರ್ ಕ್ಲಾಸ್ ಆಗಿದ್ರೆ ಅದರ ಮುಂದೆ ಪಿಎನ್ ಅನ್ನೋ ಅಕ್ಷರ ಇರ್ಬೇಕಿತ್ತಲ್ವಾ, ಯಾಕಿಲ್ಲ ಅಂತ ಕೇಳ್ಕೊಳ್ಳಲೇ ಇಲ್ಲ. ಫಿಟ್ಟಿಂಗ್ ಮೇಲೆ ಅಕ್ಷರ ಇಲ್ಲದೆ ಒಂಟಿಯಾಗಿ ಕೂತ ನಂಬರ್ ಯಾವುದನ್ನೂ ಪ್ರೆಶರ್ ಅಂತ ಓದ್ಬೇಡಿ. ಸೈಜ್ ಇರ್ಬಹುದು, ಕೋನ ಇರ್ಬಹುದು, ಇಸವಿ ಇರ್ಬಹುದು, ಅಚ್ಚಿನಲ್ಲಿ ಎಷ್ಟನೇ ಗುಂಡಿಯಿಂದ ಬಂದಿದ್ದು ಅನ್ನೋ ನಂಬರೂ ಇರ್ಬಹುದು.

ಎರಡನೇದು, ಎಲ್ಬೋ ಓದಿ ಪೈಪಿನ ಬಗ್ಗೆ ಮಾತಾಡಿದ್ದು. ಎಲ್ಬೋ ನಿಜವಾಗ್ಲೂ ಪಿಎನ್ 16 ಆಗಿದ್ರೂ ಅದು ಎಲ್ಬೋಗೆ ಮಾತ್ರ. ಅದರೊಳಗೆ ತೂರಿಸಿರೋ ಪೈಪಿಗೆ ಹೊರಗಿನ ಅಳತೆ 50 ಇದ್ರೆ ಸಾಕು, ಗೋಡೆ ತೆಳ್ಳಗಿದ್ರೂ ದಪ್ಪ ಇದ್ರೂ ಅದೇ ಎಲ್ಬೋದಲ್ಲಿ ಕೂರುತ್ತೆ, ಸಲ್ಯೂಷನ್ ಹಚ್ಚಿದ್ರೆ ಅಂಟುತ್ತೆ. ಬೇರೆ ಕಂಪನಿ ಪೈಪಾದ್ರೂ ಅಷ್ಟೇ.

ಎರಡೂವರೆ ತಿಂಗಳು ಏನೂ ಆಗ್ಲಿಲ್ಲ, ಅದೇ ಮೋಸ. 10 ಬಾರ್ ಪೈಪಿಗೆ 11 ಬಾರ್ ಕೊಟ್ಟ ತಕ್ಷಣ ಒಡೆಯಲ್ಲ, ಪಿವಿಸಿಯಲ್ಲಿ ಅದಕ್ಕಿಂತ ಹೆಚ್ಚು ತಡೆಯೋ ಶಕ್ತಿ ಇಟ್ಟೇ ಮಾಡಿರ್ತಾರೆ. ಆದ್ರೆ ಪಂಪ್ ಆನ್ ಆದಾಗ ಆಫ್ ಆದಾಗೆಲ್ಲ ನೀರು ಹೊಡೆಯುತ್ತಲ್ಲ, ಆ ಪೆಟ್ಟು ದಿನಾ ಬಿದ್ದು ಬಿದ್ದು ಪೈಪ್ ದಣಿಯುತ್ತೆ. ಒಂದು ರಾತ್ರಿ ಉದ್ದಕ್ಕೆ ಸೀಳಿಬಿಡ್ತು, ಜಾಯಿಂಟ್ ಹತ್ರ ಅಲ್ಲ, ನಡು ಪೈಪಲ್ಲಿ. ಬೆಳಗ್ಗೆ ಹ್ಯಾಕ್ಸಾದಲ್ಲಿ ಆ ತುಂಡು ಕತ್ತರಿಸಿ ತಿರುಗಿಸಿ ನೋಡಿದ್ರೆ, ಗೋಡೆ ಕಡೆ ತಿರುಗಿದ್ದ ಮೈಯಲ್ಲಿ ಇಂಕಲ್ಲಿ ಸ್ಪಷ್ಟವಾಗಿ ಹೀಗಿತ್ತು:

```
PVC-U 50 x 2.4 PN 10
```

ಅದರ ಮುಂದೆ ಇದ್ದ ಕಂಪನಿ ಹೆಸರು ಎಲ್ಬೋದು ಅಲ್ಲವೇ ಅಲ್ಲ, ಬೇರೆ. ಪಂಪ್ ರೂಮ್ ತುಂಬ ನೀರು, ಮೋಟಾರು ಸುಟ್ಟಿತ್ತು, ಹುಡುಗ ಬಗ್ಗಿ ನೀರು ಎತ್ತಿ ಹಾಕ್ತಿದ್ದ. ನನಗೆ ಅವನ ಮುಖ ನೋಡೋಕಾಗ್ಲಿಲ್ಲ, ಅವನು ಕಳಿಸಿದ್ದ ಫೋಟೋದಲ್ಲಿ ತಪ್ಪಿರಲಿಲ್ಲ.

ಆ ಸಾಲಲ್ಲಿ ಬೆಲೆಬಾಳೋದು ಕಂಪನಿ ಹೆಸರಲ್ಲ, 50 ಮತ್ತು 2.4. ಹೊರ ಅಳತೆಯನ್ನ ಗೋಡೆ ದಪ್ಪದಿಂದ ಭಾಗಿಸಿದ್ರೆ ಎಸ್‌ಡಿಆರ್ ಸಿಗುತ್ತೆ, ಇಲ್ಲಿ 20.8, ಅಂದ್ರೆ ಎಸ್‌ಡಿಆರ್ 21. ಈ ಸೈಜಿನ ನೀರಿನ ಪಿವಿಸಿ ಪೈಪಲ್ಲಿ ಅದು ಪಿಎನ್ 10. ಪಿಎನ್ 16 ಆಗ್ಬೇಕಿದ್ರೆ ಅದೇ 50ರ ಪೈಪಿಗೆ ಗೋಡೆ 3.7 ಇರ್ಬೇಕಿತ್ತು. ಪಿಎನ್ ಅಕ್ಷರ ಅಳಿಸಿಹೋಗಿದ್ರೂ ಈ ಎರಡು ನಂಬರಿಂದ ಹೀಗೆ ತಾಳೆ ನೋಡ್ಬಹುದು. ಆದ್ರೆ ಪೈಪ್ ಯಾವ ಮಾಲು ಅಂತ ಮೊದಲು ಗೊತ್ತಿರ್ಬೇಕು. ಎಸ್‌ಡಿಆರ್ 11 ಅಂತ ಇದ್ರೆ ಪಿಇ 100 ಪೈಪಲ್ಲಿ ಅದು 16 ಬಾರ್, ಪಿಪಿಆರ್‌ನಲ್ಲಿ ಅದೇ 11ಕ್ಕೆ 10 ಬಾರ್. ಇದೆಲ್ಲ ತಣ್ಣೀರಿನ ಲೆಕ್ಕ, ಪೈಪ್ ಬಿಸಿಯಾದಷ್ಟೂ ತಡೆಯೋ ಶಕ್ತಿ ಇಳಿಯುತ್ತೆ.

ಹಾಗಾಗಿ ಬ್ರ್ಯಾಂಡ್ ಹುಡುಕೋದು ಬಿಡಿ, ಹೊಸ ಫೋಟೋ ತರಿಸಿ. ಪೈಪ್ ಮೇಲಿನ ಸಾಲು ಒಂದೇ ಕಡೆ ಇರಲ್ಲ, ಸಾಮಾನ್ಯವಾಗಿ ಮೀಟರ್‌ಗೊಂದು ಸಲ, ಹೆಚ್ಚಂದ್ರೆ ಒಂದೂವರೆ ಮೀಟರ್‌ಗೊಂದು ಸಲ ಬರುತ್ತೆ, ಅದಕ್ಕೆ ಪೈಪ್ ಗುಂಟ ಎರಡು ಮೀಟರ್ ನಿಧಾನವಾಗಿ ವಿಡಿಯೋ ಮಾಡೋಕೆ ಹೇಳಿ. ಕಾಣ್ಲಿಲ್ಲ ಅಂದ್ರೆ ಅದು ಗೋಡೆ ಕಡೆ ತಿರುಗಿರ್ಬಹುದು, ಸಣ್ಣ ಕನ್ನಡಿ ಹಿಂದಕ್ಕೆ ತೂರಿಸಿ ಕನ್ನಡಿಯ ಫೋಟೋ ತೆಗೆದು ಆಮೇಲೆ ತಿರುವಿ ಓದಿ. ಫಿಟ್ಟಿಂಗ್‌ಗೆ ಫ್ಲಾಶ್ ಬೇಡ, ಟಾರ್ಚನ್ನ ಪಕ್ಕದಿಂದ, ಮೇಲ್ಮೈಗೆ ಹೆಚ್ಚುಕಮ್ಮಿ ಒರಗಿಸಿ ಹಿಡಿದ್ರೆ ಉಬ್ಬು ಅಕ್ಷರಕ್ಕೆಲ್ಲ ನೆರಳು ಬೀಳುತ್ತೆ, ಆ ತಾರೀಖಿನ ಬಿಲ್ಲೆ ಇದ್ರೆ ಬಾಣ ಸಮೇತ ಎದ್ದು ಕಾಣುತ್ತೆ. ಸೀಮೆಸುಣ್ಣ ಉಜ್ಜಿದ್ರೆ ಇನ್ನೂ ಒಳ್ಳೇದು. ಪೈಪಿಗೆ ಒಂದು ದಾರ ಸುತ್ತಿ ಅಳೆಯೋಕೂ ಹೇಳಿ, 157 ಮಿಲಿಮೀಟರ್ ಬಂದ್ರೆ ಹೊರ ಅಳತೆ 50, 190ರ ಹತ್ರ ಬಂದ್ರೆ ಅದು ಎರಡಿಂಚಿನ ಪೈಪು, ಅದರ ಲೆಕ್ಕವೇ ಬೇರೆ.

ಇಷ್ಟು ಮಾಡಿದ್ಮೇಲೂ ಸಾಲು ಸಿಗ್ಲಿಲ್ಲ ಅಂದ್ರೆ ಫೋಟೋದಲ್ಲಿ ಉತ್ತರ ಇಲ್ಲ. ಗೋಡೆ ದಪ್ಪ ಹೊರಗಿಂದ ಯಾವ ಕ್ಯಾಮೆರಾಗೂ ಕಾಣಲ್ಲ. ಲೈನ್ ನಿಲ್ಲಿಸಿ ಒಂದು ತುಂಡು ಕತ್ತರಿಸಿ, ಕತ್ತರಿಸಿದ ಬಾಯಿಗೆ ವರ್ನಿಯರ್ ಹಿಡಿದು ಅಳೆದು ನೋಡಿ, ಆಮೇಲೇ ಪಂಪ್ ಆರಿಸಿ.