ಟೈಲ್ಸ್ ಗೋದಾಮಿನ ಫೋರ್ಕ್‌ಲಿಫ್ಟ್‌ಗೆ ಯಾವ ಟೈರ್?

ಪ್ರಶ್ನೆ: ಉಪ್ಪಳದ ಹತ್ತಿರ ನಮ್ಮದು ಟೈಲ್ಸ್ ಗೋದಾಮು. ಒಳಗೆ ನಯವಾದ ಕಾಂಕ್ರೀಟ್, ಹೊರಗೆ ಮುರಕಲ್ಲಿನ ಅಂಗಳ. 2.5 ಟನ್ ಡೀಸೆಲ್ ಫೋರ್ಕ್‌ಲಿಫ್ಟ್‌ನ ಗಾಳಿ ಟೈರ್ ಪದೇ ಪದೇ ಪಂಕ್ಚರ್ ಆಗ್ತದೆ. ಸಾಲಿಡ್ ಹಾಕಿಸ್ಲಾ, ಕುಶನ್ ಹಾಕಿಸ್ಲಾ?

ಕುಶನ್ ಟೈರನ್ನು ಮೊದಲೇ ಬದಿಗಿಡಿ. ಅದು ಕಬ್ಬಿಣದ ಬಳೆಯ ಮೇಲೆ ಅಂಟಿಸಿದ ರಬ್ಬರ್. ಅದನ್ನು ಚಕ್ರದ ಮೇಲೆ ಪ್ರೆಸ್‌ನಲ್ಲಿ ಒತ್ತಿ ಕೂರಿಸುತ್ತಾರೆ. ಅದಕ್ಕೆಂದೇ ಮಾಡಿದ, ನೆಲಕ್ಕೆ ತಗ್ಗಾಗಿ ಕೂತ ಗಾಡಿ ಬೇರೆಯೇ ಇರುತ್ತದೆ. ನಿಮ್ಮ ಗಾಡಿಯ ರಿಮ್‌ಗೆ ಅದು ಕೂರುವುದಿಲ್ಲ. ಆ ಗಾಡಿ ನಿಮ್ಮ ಅಂಗಳಕ್ಕೆ ಇಳಿದರೆ ತಳ ತಾಗಿ ನಿಲ್ಲುತ್ತದೆ.

ನಿಮಗೆ ಉಳಿಯುವುದು ಎರಡೇ. ಗಾಳಿ ಟೈರ್, ಇಲ್ಲವಾದರೆ ಅದೇ ಆಕಾರದ, ಅದೇ ರಿಮ್‌ಗೆ ಕೂರುವ, ಒಳಗೆಲ್ಲ ರಬ್ಬರೇ ಇರುವ ಸಾಲಿಡ್. ನಾನಾದರೆ ಸಾಲಿಡ್ ಹಾಕಿಸುತ್ತಿದ್ದೆ, ಆದರೆ ಅಂಗಳ ಸರಿ ಮಾಡಿದ ಮೇಲೆ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಈ ಅಳತೆಯ ಗಾಡಿ ಖಾಲಿ ಇದ್ದಾಗಲೇ ಹೆಚ್ಚುಕಡಿಮೆ 4 ಟನ್ ತೂಗುತ್ತದೆ. 2.5 ಟನ್ ಟೈಲ್ಸ್ ಎತ್ತಿದರೆ ಒಟ್ಟು 6.5 ಟನ್. ಅದರಲ್ಲಿ ಬಹುಪಾಲು, ಸುಮಾರು 5.5 ಟನ್, ಮುಂದಿನ ಎರಡು ಚಕ್ರದ ಮೇಲೆಯೇ ಬೀಳುತ್ತದೆ. ಅಷ್ಟು ಭಾರದಲ್ಲಿ ಒಂದು ಬದಿಯ ಗಾಳಿ ಕಡಿಮೆಯಾಗಿ ಟೈರ್ 2 ಸೆಂ.ಮೀ. ಕುಗ್ಗಿತು ಅಂದುಕೊಳ್ಳಿ. ಮುಂದಿನ ಚಕ್ರಗಳ ನಡುವೆ ಸುಮಾರು 1 ಮೀಟರ್ ಅಂತರ. 3 ಮೀಟರ್ ಎತ್ತರದಲ್ಲಿರುವ ಸರಕು 6 ಸೆಂ.ಮೀ. ಪಕ್ಕಕ್ಕೆ ವಾಲುತ್ತದೆ. ರ್‍ಯಾಕ್‌ನಲ್ಲಿ ಟೈಲ್ಸ್ ಇಡುವಾಗ ಇದು ಬಹಳ ಅಪಾಯ. ಪಂಕ್ಚರ್‌ನ ಖರ್ಚಿಗಿಂತ ನನಗೆ ಹೆದರಿಕೆ ಇದರದ್ದೇ. ಸಾಲಿಡ್‌ನಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಈ ಚಿಂತೆ ಇಲ್ಲ. ಮೊಳೆ, ಒಡೆದ ಟೈಲ್ಸ್ ಚೂರು ಚುಚ್ಚಿದರೂ ಗಾಡಿ ನಿಲ್ಲುವುದಿಲ್ಲ.

ತೊಂದರೆ ಏನೆಂದರೆ, ಸಾಲಿಡ್ ಟೈರ್ ನೆಲದ ಏಟನ್ನು ನುಂಗುವುದಿಲ್ಲ. ಮುರಕಲ್ಲಿನ ಹೊಂಡ, ಬಾಗಿಲಿನ ಹೊಸ್ತಿಲ ಏಣು, ಎಲ್ಲವೂ ಮಾಸ್ಟ್‌ಗೆ ಮತ್ತು ಟೈಲ್ಸ್ ಪೆಟ್ಟಿಗೆಗೆ ನೇರ ತಲುಪುತ್ತದೆ. ಮೂಲೆ ಒಡೆದ ಪೆಟ್ಟಿಗೆ ಜಾಸ್ತಿ ಸಿಗತೊಡಗಿದರೆ ಡ್ರೈವರ್‌ನನ್ನು ಬೈಯಬೇಡಿ, ನೆಲ ನೋಡಿ. ಲಾರಿ ನಿಲ್ಲುವ ಜಾಗದಿಂದ ಬಾಗಿಲಿನ ತನಕ ಗಾಡಿ ಓಡುವ ಪಟ್ಟಿಗೆ ಮಾತ್ರ ಕಾಂಕ್ರೀಟ್ ಹಾಕಿಸಿ. ಹೊಸ್ತಿಲಿಗೆ ಸಣ್ಣ ಇಳಿಜಾರು ಕೊಡಿ. ಪೂರ್ತಿ ಅಂಗಳಕ್ಕೆ ಕಾಂಕ್ರೀಟ್ ಬೇಡ. ಮಳೆಗಾಲದಲ್ಲಿ ಕೆಂಪು ಮಣ್ಣು ಟೈರಿನ ಗೆರೆಗಳಲ್ಲಿ ತುಂಬಿಕೊಂಡು ಜಾರುವುದೂ, ಒಳಗಿನ ನೆಲ ಕೆಂಪಾಗುವುದೂ ಇದರಿಂದಲೇ ಕಡಿಮೆಯಾಗುತ್ತದೆ. ಕಪ್ಪು ಗೆರೆ ಬೀಳದ ಬಿಳಿ ಟೈರ್ ಹಾಕಿಸಿದರೆ ಮಣ್ಣಿನ ಗುರುತು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಂಗಳ ಸರಿ ಮಾಡಿಸಲು ಸಾಧ್ಯವೇ ಇಲ್ಲವಾದರೆ ಗಾಳಿ ಟೈರೇ ಇರಲಿ, ಪ್ರತಿ ದಿನ ಬೆಳಿಗ್ಗೆ ಗೇಜ್ ಹಾಕಿ ನೋಡಿ. ದೂರದ ಓಡಾಟಕ್ಕೂ ಗಾಳಿ ಟೈರೇ ಸರಿ. ಎರಡು ಗೋದಾಮಿನ ನಡುವೆ ಕಿಲೋಮೀಟರ್‌ಗಟ್ಟಲೆ ದಿನವಿಡೀ ಓಡಿಸಿದರೆ ಸಾಲಿಡ್ ಒಳಗೇ ಬಿಸಿಯಾಗುತ್ತದೆ. ದಪ್ಪ ರಬ್ಬರ್ ಆ ಬಿಸಿ ಬಿಡುವುದಿಲ್ಲ. ಒಳಗಿನಿಂದ ಹಾಳಾಗಿ ತುಂಡು ತುಂಡಾಗಿ ಕಿತ್ತು ಬರುತ್ತದೆ.

ಹಾಕಿಸುವಾಗ ಒಂದು ಎಚ್ಚರಿಕೆ ಮಾರಾಯ್ರೇ. ಈಗಿನ ಗಾಳಿ ಟೈರ್ ಬಿಚ್ಚುವ ಮೊದಲು ವಾಲ್ವ್‌ನ ಒಳಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಫೋರ್ಕ್‌ಲಿಫ್ಟ್ ರಿಮ್ ಎಷ್ಟೋ ಸಲ ಎರಡು ಭಾಗವಾಗಿರುತ್ತದೆ. ಚಕ್ರವನ್ನು ಗಾಡಿಗೆ ಹಿಡಿಸುವ ನಟ್ ಒಂದು ಸಾಲು, ರಿಮ್‌ನ ಎರಡು ಭಾಗ ಕೂಡಿಸುವ ನಟ್ ಇನ್ನೊಂದು ಸಾಲು. ಗಾಳಿ ಇರುವಾಗ ಎರಡನೆಯದನ್ನು ಬಿಚ್ಚಿದರೆ ರಿಮ್ ಸಿಡಿದು ಜೀವ ಹೋಗುತ್ತದೆ. ಸಾಮಾನ್ಯ ಪಂಕ್ಚರ್ ಅಂಗಡಿಗೆ ಕೊಡಬೇಡಿ. ಸಾಲಿಡ್ ಕೂರಿಸಲು ಹೈಡ್ರಾಲಿಕ್ ಪ್ರೆಸ್ ಇರುವ ಕಡೆಯೇ ಹೋಗಿ. ಮುಂದಿನ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಒಂದು ಹೊಸದು, ಒಂದು ಸವೆದದ್ದು ಆದರೆ ಅದೇ ವಾಲುವ ಕಥೆ ಮತ್ತೆ. ಒಳ್ಳೆಯ ಸಾಲಿಡ್‌ಗಳ ಬದಿಯಲ್ಲಿ ಸವೆತದ ಗೆರೆಯೊಂದು ಇರುತ್ತದೆ. ರಬ್ಬರ್ ಅಲ್ಲಿಗೆ ಇಳಿದರೆ ತೆಗೆದುಬಿಡಿ.

ಕೈಯಿಂದ ಎಳೆಯುವ ಪ್ಯಾಲೆಟ್ ಟ್ರಾಲಿ ಇದ್ದರೆ ಅದರ ಸಣ್ಣ ಚಕ್ರಗಳನ್ನೂ ನೋಡಿ. ನೈಲಾನ್ ಚಕ್ರ ಸುಲಭವಾಗಿ ಉರುಳುತ್ತದೆ, ಆದರೆ ಭಾರ ಹೊತ್ತು ಕಾಂಕ್ರೀಟ್ ಜಾಯಿಂಟ್ ದಾಟುವಾಗೆಲ್ಲ ಅಂಚನ್ನು ಕುಟ್ಟಿ ಒಡೆಯುತ್ತದೆ. ಪಾಲಿಯುರೆಥೇನ್ ಚಕ್ರ ಎಳೆಯಲು ಸ್ವಲ್ಪ ಜಾಸ್ತಿ ಬಲ ಬೇಕು, ನೆಲಕ್ಕೆ ಒಳ್ಳೆಯದು. ಹೊರಗಿನ ಮುರಕಲ್ಲಿಗೆ ಎರಡೂ ಆಗದು, ಟ್ರಾಲಿ ಒಳಗೇ ಇರಲಿ.